ಶ್ರೇಣಿ ಕೋಷ್ಟಕ

ಅಂಕಕ್ಕೆ ತಕ್ಕ ಗ್ರೇಡನ್ನು ಸ್ಪ್ರೆಡ್‌ಶೀಟ್ ತಾನೇ ಹುಡುಕಿಕೊಳ್ಳುವಂತೆ ಬರೆದಿಡುವ ಪುಟ್ಟ ಪಟ್ಟಿ. ಇದರಲ್ಲಿ ಪ್ರತಿ ಗ್ರೇಡಿನ ಕನಿಷ್ಠ ಅಂಕ ಮಾತ್ರ ಇರುತ್ತದೆ. E2ರಿಂದ E6ರವರೆಗೆ 0, 35, 50, 60, 75. ಪಕ್ಕದ F ಕಾಲಮ್ಮಿನಲ್ಲಿ ಕ್ರಮವಾಗಿ E, D, C, B, A ಎಂದಿರಲಿ. B2ರಲ್ಲಿ ವಿದ್ಯಾರ್ಥಿಯ ಅಂಕವಿದ್ದರೆ ಸೂತ್ರ ಹೀಗೆ:

```
=VLOOKUP(B2,$E$2:$F$6,2,TRUE)
```

TRUE ಇರುವುದರಿಂದ ಅಂಕವನ್ನು ಮೀರದ ಅತಿ ದೊಡ್ಡ ಗಡಿ ಸಿಗುತ್ತದೆ. 74ಕ್ಕೆ 60ರ ಸಾಲು, ಅಂದರೆ B. ಗಡಿಯನ್ನು 75ರಿಂದ 70ಕ್ಕೆ ಇಳಿಸಬೇಕೆಂದರೆ E6 ಒಂದನ್ನೇ ತಿದ್ದಿದರಾಯಿತು. ಆಗ 74 ಪಡೆದ ವಿದ್ಯಾರ್ಥಿಗೆ A ಬರುತ್ತದೆ. IFಗಳನ್ನು ಒಂದರೊಳಗೊಂದು ಪೋಣಿಸಿದವರಿಗೆ ಈ ಸುಖವಿಲ್ಲ.

ಗಡಿಗಳು ಏರಿಕೆಯ ಕ್ರಮದಲ್ಲೇ ಇರಬೇಕು. ಇಲ್ಲದಿದ್ದರೆ ದೋಷಸೂಚನೆಯಿಲ್ಲದೆಯೇ ತಪ್ಪು ಗ್ರೇಡ್ ಬರಬಹುದು. $ ಬಿಟ್ಟು ಸೂತ್ರವನ್ನು ಕೆಳಗೆಳೆದರೆ ಪಟ್ಟಿಯೂ ಜಾರಿ 0ಯ ಸಾಲು ತಪ್ಪಿಹೋಗುತ್ತದೆ, 20 ಪಡೆದವರ ಮುಂದೆ #N/A ಕಾಣಿಸುತ್ತದೆ. ಗೈರುಹಾಜರಾದವರ ಖಾಲಿ ಕೋಶವನ್ನು ಸೂತ್ರ ಸೊನ್ನೆಯೆಂದೇ ಓದಿ E ಕೊಡುತ್ತದೆ.