ಫಝ್

ಗಿಟಾರಿನ ಒಡೆದ, ದಪ್ಪನೆಯ ಗೊರಗೊರ ದನಿಯೇ ಫಝ್. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡೊಂದರ ಧ್ವನಿಮುದ್ರಣದ ವೇಳೆ ಕೆಟ್ಟ ಉಪಕರಣದಿಂದ ಹೊರಟ ಸದ್ದು, 1962ರಲ್ಲಿ ‘ಮಾಸ್ಟ್ರೋ ಫಝ್-ಟೋನ್’ ಪೆಡಲ್ ಆಗಿ ಮಾರಾಟಕ್ಕೆ ಬಂತು.

ಡೂಮ್, ಸ್ಟೋನರ್ ಮೆಟಲ್‌ಗೆ ಇದೇ ಜೀವಾಳ. ಫಝ್ ಧ್ವನಿತರಂಗದ ತುದಿಗಳನ್ನು ಕತ್ತರಿಸುವುದರಿಂದ ಮೀಟಿದ ಸ್ವರ ಬೇಗ ಆರುವುದಿಲ್ಲ. ಲಯ ಎಷ್ಟೇ ನಿಧಾನವಾದರೂ ಎರಡು ಪೆಟ್ಟುಗಳ ನಡುವೆ ಖಾಲಿ ಎನಿಸದು. ಆದರೆ ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಹೆಚ್ಚಾಗಿ ಷಡ್ಜ-ಪಂಚಮದ ಜೋಡಿಯನ್ನಷ್ಟೇ ನುಡಿಸುತ್ತಾರೆ.

ಸ್ಲೀಪ್ ತಂಡದ ‘ಡೋಪ್‌ಸ್ಮೋಕರ್’ ಕೇಳಿ: ಒಂದೇ ಹಾಡು, ಗಂಟೆಗೂ ಮಿಕ್ಕಿ. ಕೆಲವೇ ರಿಫ್‌ಗಳು ಮತ್ತೆ ಮತ್ತೆ ಬರುತ್ತವೆ. ಸುತ್ತು ಏರಿದಂತೆ ಕಿವಿ ಮಟ್ಟನ್ನು ಬಿಟ್ಟು ದನಿಯೊಳಗಿನ ನಡುಕವನ್ನು, ಡ್ರಮ್ಮಿನ ಸಣ್ಣ ಬದಲಾವಣೆಯನ್ನು ಹಿಡಿಯತೊಡಗುತ್ತದೆ.