ಇ-ಸಿಮ್ ಹೊಸ ಫೋನಿಗೆ ಹಾಕಿಸ್ತೀರಾ? 24 ಗಂಟೆ ಒಟಿಪಿ ಬರಲ್ಲ, ಮೊದಲೇ ಸಿದ್ಧವಾಗಿರಿ

ಪೀಣ್ಯ: ‘ಕಾಲ್ ಬರ್ತಿದೆ, ನೆಟ್ ಓಡ್ತಿದೆ, ಒಟಿಪಿ ಮಾತ್ರ ಬರ್ತಿಲ್ಲ.’ ಇ-ಸಿಮ್ಮನ್ನು ಹೊಸ ಫೋನಿಗೆ ಬದಲಾಯಿಸಿಕೊಂಡವರು ಮೊಬೈಲ್ ಅಂಗಡಿಗೆ ಬಂದು ಹೇಳುವ ಮಾತು ಇದು. ಇದರಲ್ಲಿ ಫೋನಿನ ದೋಷವೂ ಇಲ್ಲ, ಬ್ಯಾಂಕಿನ ದೋಷವೂ ಇಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಕಾಲ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ಇದು ದೂರಸಂಪರ್ಕ ಇಲಾಖೆಯ ನಿಯಮ. ಬೇರೆ ಯಾರೋ ನಿಮ್ಮ ಹೆಸರಲ್ಲಿ ಸಿಮ್ ತೆಗೆಸಿಕೊಂಡು, ಕೂಡಲೇ ಒಟಿಪಿ ಪಡೆದು ಖಾತೆ ಖಾಲಿ ಮಾಡಬಾರದು ಎಂಬುದೇ ಇದರ ಉದ್ದೇಶ. ಪ್ಲಾಸ್ಟಿಕ್ ಸಿಮ್ಮಿಗೂ ಇದೇ ನಿಯಮ, ಇ-ಸಿಮ್ಮಿಗೂ ಇದೇ.

ಪೀಣ್ಯದಲ್ಲಿ ಲೋಡ್ ನಿಲ್ಲುವುದು ಎಲ್ಲಿ?

ಉದಾಹರಣೆಗೆ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ತೆಗೆದುಕೊಳ್ಳಿ. ಹೊಸೂರಿನ ಕಂಪನಿಗೆ 80,000 ರೂಪಾಯಿಯ ಬಿಡಿಭಾಗ ಹೋಗಬೇಕು. ರಾಜ್ಯದ ಗಡಿ ದಾಟುವ 50,000 ರೂಪಾಯಿಗೂ ಹೆಚ್ಚಿನ ಸರಕಿಗೆ ಇ-ವೇ ಬಿಲ್ ಬೇಕೇ ಬೇಕು. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪೋರ್ಟಲ್‌ಗೆ ಲಾಗಿನ್ ಆಗಲು ಸಣ್ಣ ವ್ಯಾಪಾರಿಗಳೂ ಸೇರಿ ಎಲ್ಲರಿಗೂ ಪಾಸ್‌ವರ್ಡ್ ಜತೆ ಒಟಿಪಿ ಕಡ್ಡಾಯ.

ಮಾಲೀಕರು ಬೆಳಿಗ್ಗೆ 11ಕ್ಕೆ ಇ-ಸಿಮ್ಮನ್ನು ಹೊಸ ಫೋನಿಗೆ ಹಾಕಿಸಿದರು ಅಂದುಕೊಳ್ಳಿ. ಸಂಜೆ 4ಕ್ಕೆ ಟೆಂಪೋ ಲೋಡ್ ಆಗಿ ನಿಂತಿದೆ. ಪೋರ್ಟಲ್ ಒಟಿಪಿ ಕಳಿಸುತ್ತಲೇ ಇದೆ, ಫೋನಿಗೆ ಏನೂ ಬರುತ್ತಿಲ್ಲ. ‘ಮತ್ತೆ ಕಳಿಸಿ’ ಎಂದು ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲ. ಮರುದಿನ 11ರವರೆಗೆ ಎಸ್‌ಎಂಎಸ್ ಬಂದ್.

ಇದಕ್ಕೆ ಎರಡು ದಾರಿಗಳಿವೆ, ಆದರೆ ಎರಡನ್ನೂ ಸಿಮ್ ಬದಲಾಯಿಸುವ ಮೊದಲೇ ಮಾಡಿಕೊಂಡಿರಬೇಕು. ಮೊದಲನೆಯದು NIC-GST-Shield ಆ್ಯಪ್. ಇದನ್ನು ಒಮ್ಮೆ ನೋಂದಾಯಿಸಿಕೊಂಡರೆ ಸಾಕು, ಫೋನಿನಲ್ಲೇ ಒಟಿಪಿ ತೋರಿಸುತ್ತದೆ. ಅದಕ್ಕೆ ಎಸ್‌ಎಂಎಸ್ಸೂ ಬೇಡ, ನೆಟ್ಟೂ ಬೇಡ. ಹಳೇ ಫೋನಿನಲ್ಲಿ ಈ ಆ್ಯಪ್ ಇದ್ದರೆ ಆ ಫೋನನ್ನು ಎರಡು ದಿನ ಹಾಗೇ ಇಟ್ಟುಕೊಳ್ಳಿ. ಎರಡನೆಯದು, ಪೋರ್ಟಲ್‌ನಲ್ಲಿ ಗುಮಾಸ್ತರ ಅಥವಾ ಮಗನ ನಂಬರಿಗೆ ಉಪ ಬಳಕೆದಾರರ ಖಾತೆ ತೆರೆದಿಡುವುದು. ಆಗ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಲೋಡ್ ಹೊರಡುತ್ತದೆ.

ಅಂಗಡಿಯ ಯುಪಿಐ ಕಥೆ ಏನು?

ಅಂಗಡಿಯವರು ಗಾಬರಿ ಬೀಳಬೇಕಿಲ್ಲ. ಕೌಂಟರಿನ ಕ್ಯೂಆರ್‌ಗೆ ಗಿರಾಕಿ ಹಾಕುವ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಸೌಂಡ್‌ಬಾಕ್ಸ್ ನಿಮ್ಮ ಫೋನಿನ ಸಿಮ್ ನಂಬಿಕೊಂಡಿಲ್ಲ, ಅದು ಕೂಗುತ್ತಲೇ ಇರುತ್ತದೆ.

ತೊಂದರೆ ಇರುವುದು ನೀವು ದುಡ್ಡು ಕಳಿಸುವಾಗ. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಶುರು ಮಾಡಲು ಆ ನಂಬರಿನಿಂದಲೇ ಒಂದು ಎಸ್‌ಎಂಎಸ್ ತಾನಾಗಿ ಹೋಗಬೇಕು. ಮೊದಲ 24 ಗಂಟೆ ಅದು ಹೋಗುವುದಿಲ್ಲ, ಆ್ಯಪ್ ‘ವೆರಿಫಿಕೇಶನ್ ಫೇಲ್’ ಅನ್ನುತ್ತದೆ. ಎಸ್‌ಎಂಎಸ್ ತೆರೆದುಕೊಂಡು ಆ್ಯಪ್ ಶುರುವಾದ ಮೇಲೂ, ಫೋನ್ ಬದಲಾಗಿರುವುದರಿಂದ ಮೊದಲ 24 ಗಂಟೆ 5,000 ರೂಪಾಯಿವರೆಗೆ ಮಾತ್ರ ಕಳಿಸಲು ಬಿಡುತ್ತದೆ. ಹೋಲ್‌ಸೇಲ್‌ನವರಿಗೆ ದೊಡ್ಡ ಮೊತ್ತ ಕೊಡುವುದಿದ್ದರೆ ಹಿಂದಿನ ದಿನವೇ ಕೊಟ್ಟು ಮುಗಿಸುವುದು ಒಳ್ಳೆಯದು.

ಬದಲಾಯಿಸುವ ಕ್ರಮ

ವಾರದ ರಜೆಯ ಹಿಂದಿನ ಸಂಜೆ ಇದಕ್ಕೆ ಸರಿಯಾದ ಹೊತ್ತು. ಮೊದಲು ಹೊಸ ಫೋನಿನಲ್ಲಿ *#06# ಒತ್ತಿ. ಪರದೆ ಮೇಲೆ IMEI ಜತೆಗೆ 32 ಅಂಕಿಯ EID ಕಾಣಿಸುತ್ತದೆ. EID ಕಾಣಿಸದಿದ್ದರೆ ಆ ಫೋನಿಗೆ ಇ-ಸಿಮ್ ಸೌಲಭ್ಯವೇ ಇಲ್ಲದಿರಬಹುದು, ಅಂಗಡಿಯಲ್ಲಿ ಕೇಳಿ ನೋಡಿ. ನಂತರ ಕಂಪನಿಯ ಆ್ಯಪ್‌ನಲ್ಲಿ ಅಥವಾ ಮಳಿಗೆಯಲ್ಲಿ ಕೋರಿಕೆ ಕೊಡಿ. ಕ್ಯೂಆರ್ ಕೋಡ್ ನೋಂದಾಯಿತ ಇಮೇಲ್‌ಗೆ ಬಂದರೆ ಅದನ್ನು ಬೇರೆ ಪರದೆಯಲ್ಲಿ ತೆರೆದು, ಹೊಸ ಫೋನನ್ನು ವೈಫೈಗೆ ಹಾಕಿ ಸ್ಕ್ಯಾನ್ ಮಾಡಿ.

ಹೊಸ ಫೋನಿಗೆ ಕರೆ ಬಂದು, ಮರುದಿನ ಎಸ್‌ಎಂಎಸ್ಸೂ ಬರುವ ತನಕ ಹಳೇ ಫೋನನ್ನು ಅಳಿಸಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ.

ರಿಸೆಟ್‌ನಲ್ಲಿ ಹೋದರೆ?

ಪ್ಲಾಸ್ಟಿಕ್ ಸಿಮ್ ಆದರೆ ರಿಸೆಟ್ ಮಾಡಿದರೂ ಫೋನೊಳಗೇ ಇರುತ್ತದೆ. ಇ-ಸಿಮ್ ಹಾಗಲ್ಲ, ಅದು ಫೋನಿನ ಚಿಪ್‌ನಲ್ಲಿ ಇಳಿಸಿಕೊಂಡ ಮಾಹಿತಿ. ರಿಸೆಟ್ ಮಾಡುವಾಗ ಇ-ಸಿಮ್ ಉಳಿಸಬೇಕಾ, ಅಳಿಸಬೇಕಾ ಎಂದು ಅನೇಕ ಫೋನುಗಳು ಕೇಳುತ್ತವೆ. ಐಫೋನಿನಲ್ಲಿ ಎರಡಕ್ಕೂ ಬೇರೆ ಬೇರೆ ಆಯ್ಕೆ ಇದೆ, ಹಲವು ಆಂಡ್ರಾಯ್ಡ್‌ಗಳಲ್ಲಿ ಟಿಕ್ ಹಾಕುವ ಚೌಕವಿದೆ. ಓದದೆ ಒತ್ತಿದರೆ ಸಿಮ್ ಹೋಯಿತು. ಫೋಟೋ, ಕಾಂಟ್ಯಾಕ್ಟ್ ವಾಪಸ್ ಬಂದ ಹಾಗೆ ಬ್ಯಾಕಪ್‌ನಿಂದ ಇ-ಸಿಮ್ ಬರುವುದಿಲ್ಲ. ಹಿಂದೆ ಬಳಸಿದ ಕ್ಯೂಆರ್ ಕೋಡನ್ನು ಮತ್ತೆ ಸ್ಕ್ಯಾನ್ ಮಾಡಿದರೂ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಆಗ ಎಸ್‌ಎಂಎಸ್ ಕಳಿಸಿ ಇ-ಸಿಮ್ ಕೇಳೋಣ ಅಂದರೆ ನಂಬರೇ ಸತ್ತಿರುತ್ತದೆ. ಇಮೇಲ್ ತೆರೆಯೋಣ ಅಂದರೆ ಅದೂ ಅದೇ ನಂಬರಿಗೆ ಕೋಡ್ ಕಳಿಸುತ್ತೇನೆ ಅನ್ನುತ್ತದೆ. ಬೀಗದ ಕೀಲಿ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಇದಕ್ಕಾಗಿಯೇ ಗೂಗಲ್ ಖಾತೆಯಲ್ಲಿ 8 ಅಂಕಿಯ 10 ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಪಡೆದು ಕಾಗದದ ಮೇಲೆ ಬರೆದಿಡಬಹುದು.

ಬೇರೆ ದಾರಿ ಇಲ್ಲದಿದ್ದರೆ ಆಧಾರ್ ಹಿಡಿದು ಕಂಪನಿಯ ಮಳಿಗೆಗೆ ಹೋಗಬೇಕು. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಹೋಗಬೇಕು. ನಂಬರ್ ಊರಲ್ಲಿರುವ ಅಪ್ಪನ ಹೆಸರಲ್ಲಿದ್ದರೆ ಅಪ್ಪನೇ ಬರಬೇಕಾಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಐಟಿ ನೌಕರರಲ್ಲಿ ಆಫೀಸಿನ ಹೆಸರಿನ ನಂಬರ್ ಇಟ್ಟುಕೊಂಡವರು ಮಳಿಗೆಗೆ ಹೋಗಿ ಉಪಯೋಗವಿಲ್ಲ, ಕೋರಿಕೆ ಆಫೀಸಿನಿಂದಲೇ ಹೋಗಬೇಕು. ಹೊಸ ಸಿಮ್ ಸಿಕ್ಕ ಮೇಲೂ 24 ಗಂಟೆಯ ಲೆಕ್ಕ ಮತ್ತೆ ಶುರು. ಬೇಜಾರಾಗಿ ಬೇರೆ ಕಂಪನಿಗೆ ಪೋರ್ಟ್ ಮಾಡೋಣ ಅಂದರೂ ಆಗದು. 2024ರ ಜುಲೈ 1ರಿಂದ, ಸಿಮ್ ಬದಲಾಯಿಸಿದ 7 ದಿನದೊಳಗೆ ಪೋರ್ಟ್‌ಗೆ ಅವಕಾಶವಿಲ್ಲ.

ನೀವು ಕೇಳದೆಯೇ ಹೀಗಾದರೆ

ಕರೆ, ನೆಟ್ ಇದ್ದು ಎಸ್‌ಎಂಎಸ್ ಮಾತ್ರ ಇಲ್ಲದಿದ್ದರೆ, ನೀವೇ ಸಿಮ್ ಬದಲಾಯಿಸಿದ್ದರೆ, ಅದು 24 ಗಂಟೆಯ ತಡೆ. ಆದರೆ ನೀವೇನೂ ಮಾಡದೆ ಟವರ್ ಇರುವ ಜಾಗದಲ್ಲೇ ಸಿಗ್ನಲ್ ಪೂರ್ತಿ ಹೋಗಿ, ಅಕ್ಕಪಕ್ಕದವರ ಅದೇ ಕಂಪನಿಯ ಫೋನ್ ಸರಿ ಇದ್ದರೆ, ನಿಮ್ಮ ನಂಬರ್ ಬೇರೊಬ್ಬರ ಫೋನಿಗೆ ಇ-ಸಿಮ್ ಆಗಿ ಹೋಗಿರಬಹುದು. ‘ಕಸ್ಟಮರ್ ಕೇರ್‌ನಿಂದ’ ಎಂದು ಕರೆ ಮಾಡಿ, ಲಿಂಕ್ ಕಳಿಸಿ, ಇ-ಸಿಮ್ ಕೋರಿಕೆಗೆ ಒಪ್ಪಿಗೆ ಪಡೆಯುವ ವಂಚನೆ ಇದು. ಇಂಥ ಎಸ್‌ಎಂಎಸ್ ಬಂದರೆ ‘1’ ಒತ್ತಿ ಉತ್ತರಿಸುವ ಮೊದಲು, ಇದನ್ನು ಕೇಳಿದ್ದು ನಾನೇನಾ ಎಂದು ನೋಡಿಕೊಳ್ಳಿ.

ಅನುಮಾನ ಬಂದರೆ 24 ಗಂಟೆ ಕಾಯುತ್ತಾ ಕೂರಬೇಡಿ. ಪಕ್ಕದವರ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ ನಂಬರ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದೂರು ದಾಖಲಿಸಿ.