ಎಪಿಟಿಟಿ ಮಾತ್ರ ಹೆಚ್ಚಿದಾಗ: ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಗಳು

ಪ್ರೋಥ್ರಾಂಬಿನ್ ಟೈಮ್ ಅಂದರೆ ಪಿಟಿ, ಆಕ್ಟಿವೇಟೆಡ್ ಪಾರ್ಷಿಯಲ್ ಥ್ರಾಂಬೊಪ್ಲಾಸ್ಟಿನ್ ಟೈಮ್ ಅಂದರೆ ಎಪಿಟಿಟಿ. ಸಿಟ್ರೇಟ್ ಬೆರೆಸಿ ತೆಗೆದ ಪ್ಲಾಸ್ಮಾ ನಳಿಕೆಯಲ್ಲಿ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಇವೆರಡೂ ಅಳೆಯುತ್ತವೆ. ಪಿಟಿಗೆ ಟಿಶ್ಯೂ ಫ್ಯಾಕ್ಟರನ್ನೂ ಕ್ಯಾಲ್ಸಿಯಮ್ಮನ್ನೂ ಹಾಕುತ್ತಾರೆ. ಕ್ರಿಯೆ ಫ್ಯಾಕ್ಟರ್ 7ರಿಂದ ಹೊರಡುತ್ತದೆ. ಎಪಿಟಿಟಿಗೆ ಸಿಲಿಕಾದಂಥ ಪುಡಿ, ಫಾಸ್ಫೊಲಿಪಿಡ್, ಕ್ಯಾಲ್ಸಿಯಂ ಬೇಕು. ಅಲ್ಲಿ ಸರಣಿ 12, 11, 9, 8 ಎಂದು ಸಾಗುತ್ತದೆ. ಎರಡು ದಾರಿಗಳೂ ಫ್ಯಾಕ್ಟರ್ 10ರಲ್ಲಿ ಕೂಡುತ್ತವೆ. ಹಾಗಾಗಿ ಪಿಟಿ ಮಾತ್ರ ಹೆಚ್ಚಿದರೆ ಮೊದಲ ಅನುಮಾನ 7ರ ಮೇಲೆ. ಎರಡೂ ಹೆಚ್ಚಿದರೆ ಕೂಡುದಾರಿಯ ಮೇಲೆ ಅಥವಾ ಹಲವು ಫ್ಯಾಕ್ಟರ್‌ಗಳ ಕೊರತೆಯ ಮೇಲೆ. ವಿದ್ಯಾರ್ಥಿಗಳು ಎಡವುವುದು ಎಪಿಟಿಟಿ ಮಾತ್ರ ಹೆಚ್ಚಿದ ಪ್ರಶ್ನೆಯಲ್ಲಿ. ಆ ಒಂದೇ ಅಂಕಿ ರಕ್ತ ಸೋರುವವರಲ್ಲೂ, ಸೋರದವರಲ್ಲೂ, ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಳ್ಳುವವರಲ್ಲೂ ಕಾಣುತ್ತದೆ. ಅದು ನಳಿಕೆಯ ಉತ್ತರ. ದೇಹದ ಉತ್ತರವನ್ನು ರೋಗಿಯ ಕಥೆಯಿಂದ ಪಡೆಯಬೇಕು.

ಪರೀಕ್ಷೆಗಳಲ್ಲಿ ಬರುವಂಥ ಒಂದು ಪ್ರಶ್ನೆಯನ್ನು ನೋಡೋಣ. ಎರಡು ವರ್ಷದ ಹುಡುಗನ ಮೊಣಕಾಲು ಬಿದ್ದ ಪೆಟ್ಟಿಲ್ಲದೆ ಊದಿದೆ. ಪಿಟಿ 12 ಸೆಕೆಂಡು, ಎಪಿಟಿಟಿ 84. ಅವನ ಪ್ಲಾಸ್ಮಾಕ್ಕೆ ಸಮಪ್ರಮಾಣದಲ್ಲಿ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿದರೆ ಎಪಿಟಿಟಿ 33ಕ್ಕೆ ಇಳಿಯುತ್ತದೆ. ಇದು ಕೊರತೆಯ ಲಕ್ಷಣ, ಏಕೆಂದರೆ ಫ್ಯಾಕ್ಟರ್ ಅರ್ಧದಷ್ಟಿದ್ದರೂ ಸಮಯ ಸರಿಹೋಗುತ್ತದೆ. ಕೀಲಿನೊಳಗೆ ರಕ್ತ ತುಂಬುವುದು ಕುಸುಮ ರೋಗದ ಗುರುತು. ಫ್ಯಾಕ್ಟರ್ 8 ಶೇ. 2 ಎಂದು ಬಂದರೆ ಅದು ಮಧ್ಯಮ ತೀವ್ರತೆಯ ಹಿಮೋಫಿಲಿಯಾ ಎ. ಇದೇ ಅಂಕಿಗಳೊಂದಿಗೆ, ಹಲ್ಲು ಕೀಳಿಸಿಕೊಂಡಾಗಲೂ ರಕ್ತ ಸೋರದ ವ್ಯಕ್ತಿ ಬಂದರೆ ಯೋಚನೆ ಫ್ಯಾಕ್ಟರ್ 12ರತ್ತ ತಿರುಗಬೇಕು. ಆ ಕೊರತೆಯನ್ನು ಮೊದಲು ಗುರುತಿಸಿದ್ದು ಜಾನ್ ಹೇಗ್‌ಮನ್ ಎಂಬಾತನ ರಕ್ತದಲ್ಲಿ. ಆತನಿಗೆ ರಕ್ತಸ್ರಾವದ ಕಾಯಿಲೆ ಇರಲಿಲ್ಲ. 1968ರಲ್ಲಿ ಆತ ತೀರಿಕೊಂಡದ್ದು ಶ್ವಾಸಕೋಶದ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡು.

ಹಾಗಿದ್ದರೆ 1964ರಲ್ಲಿ ಮ್ಯಾಕ್‌ಫರ್ಲೇನ್, ಡೇವಿ ಮತ್ತು ರಾಟ್ನಾಫ್ ಮುಂದಿಟ್ಟ ಸರಣಿಯ ಚಿತ್ರವೇ ತಪ್ಪಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಟಿಶ್ಯೂ ಫ್ಯಾಕ್ಟರಿನ ದಾರಿ ಸರಿಯಿರುವ ಆ ಹುಡುಗನಿಗೆ ರಕ್ತ ಏಕೆ ಸೋರಬೇಕು ಎಂಬುದಕ್ಕೆ ಎರಡು ಪ್ರತ್ಯೇಕ ದಾರಿಗಳ ಚಿತ್ರದಲ್ಲಿ ಉತ್ತರವಿಲ್ಲ. ಗಾಯದಲ್ಲಿ ಟಿಶ್ಯೂ ಫ್ಯಾಕ್ಟರ್ ಸಿಗುವುದು ಅಲ್ಪ. ಅದು ಹೊತ್ತಿಸಿದ ಕಿಡಿಯನ್ನು ಬೆಳೆಸಲು 8 ಮತ್ತು 9 ಬೇಕೇಬೇಕು. ಪಿಟಿಯ ನಳಿಕೆಗೆ ಅದನ್ನು ಧಾರಾಳವಾಗಿ ಸುರಿಯುವುದರಿಂದ ಅವುಗಳ ಕೊರತೆ ಮುಚ್ಚಿಹೋಗುತ್ತದೆ. ಆದರೂ ಚಿತ್ರವನ್ನು ಎಸೆಯಬೇಕಿಲ್ಲ: ಯಾವ ಪರೀಕ್ಷೆ ಯಾವ ಫ್ಯಾಕ್ಟರನ್ನು ಮುಟ್ಟುತ್ತದೆ ಎಂಬುದನ್ನು ಅದರಷ್ಟು ಸುಲಭವಾಗಿ ತೋರಿಸುವುದು ಬೇರೊಂದಿಲ್ಲ.

ಬೆರಕೆ ಪರೀಕ್ಷೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆರೆಸಿದರೂ ಸಮಯ ಇಳಿಯದಿದ್ದರೆ ಪ್ಲಾಸ್ಮಾದಲ್ಲಿ ತಡೆಯೊಡ್ಡುವ ವಸ್ತುವಿದೆ. ಅದು ಹೆಪಾರಿನ್ ಇರಬಹುದು, ಅಥವಾ ಹೆಪ್ಪು ಕಟ್ಟಿಸುವ ಲೂಪಸ್ ಆ್ಯಂಟಿಕೊಯಾಗುಲಂಟ್ ಇರಬಹುದು. ಫ್ಯಾಕ್ಟರ್ 8ರ ವಿರುದ್ಧದ ಪ್ರತಿಕಾಯವಾದರೋ ನಿಧಾನವಾಗಿ ಕೆಲಸ ಮಾಡುತ್ತದೆ. ಬೆರೆಸಿದ ಕೂಡಲೇ ನೋಡಿದರೆ ಸಮಯ ಸರಿಹೋದಂತೆ ಕಂಡು, ಕೊರತೆಯೆಂದೇ ಭ್ರಮೆ ಹುಟ್ಟಿಸಬಹುದು. ಆದ್ದರಿಂದ ವಯಸ್ಸಾದವರಿಗೆ ಹೊಸದಾಗಿ ರಕ್ತ ಸೋರತೊಡಗಿದ್ದರೆ, ಬೆರಕೆಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟು ಮತ್ತೊಮ್ಮೆ ಅಳೆಯಲೇಬೇಕು.